ಮರಳುವ ಹುದ್ದೆ ಬರಹದಲ್ಲಿರಲಿ



ಸಬ್ಯಾಟಿಕಲ್ ನಿಯಮದ ಕರಡು ಬರೆಯುವುದು ಹೇಗೆ ಎಂಬ ಒಂದೇ ವಿಷಯವನ್ನು ಇಂದು ಈ ಸಮಾವೇಶದಲ್ಲಿ, ಸಿಬ್ಬಂದಿ ವಿಭಾಗದ ಮಿತ್ರರಾದ ನಿಮ್ಮ ಮುಂದಿಡುತ್ತೇನೆ. ಓದುವುದಕ್ಕೋ ಹೆತ್ತವರ ಆರೈಕೆಗೋ ಕೆಲವು ತಿಂಗಳು ಕೆಲಸದಿಂದ ದೂರವಿರುವ ಈ ಅವಕಾಶವನ್ನು ಖಾಸಗಿ ಸಂಸ್ಥೆಗಳು ಕೊಡಲೇಬೇಕೆಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಹಾಗಾಗಿ ನೌಕರರಿಗೆ ನಾವು ಬರೆದುಕೊಟ್ಟ ಮಾತೇ ಆಧಾರ.

ಕರಡಿನ ಮೊದಲ ವಾಕ್ಯ ಹೀಗಿರಲಿ: ಸಬ್ಯಾಟಿಕಲ್ ಎಂದರೆ ಮಂಜೂರಾದ ರಜೆ, ಸೇವೆ ಮುರಿಯುವುದಿಲ್ಲ. ‘ಈಗ ರಾಜೀನಾಮೆ ಕೊಡಿ, ಆರು ತಿಂಗಳ ನಂತರ ಮತ್ತೆ ಸೇರಿಸಿಕೊಳ್ಳುತ್ತೇವೆ’ ಎಂಬ ರೂಢಿ ಕೆಲವೆಡೆ ಇದೆ. ಅದರಿಂದಾಗುವ ನಷ್ಟವನ್ನು ಲೆಕ್ಕ ಹಾಕಿ ನೋಡೋಣ. ಒಬ್ಬ ಕಾಯಂ ನೌಕರರು ನಾಲ್ಕು ವರ್ಷ ಮೂರು ತಿಂಗಳು ದುಡಿದು, ಆರು ತಿಂಗಳು ಹೊರಗಿದ್ದು, ಮರಳಿ ಬಂದು ಏಳು ತಿಂಗಳಿಗೆ ಕೆಲಸ ಬಿಟ್ಟರು ಎನ್ನಿ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ತಿಂಗಳಿಗೆ 52,000 ರೂಪಾಯಿ. ಹೊರಗಿದ್ದ ಅವಧಿ ರಜೆಯಾಗಿದ್ದರೆ ಒಟ್ಟು ಸೇವೆ ಐದು ವರ್ಷ ನಾಲ್ಕು ತಿಂಗಳು. 26ಕ್ಕೆ 15ರ ಲೆಕ್ಕದಲ್ಲಿ ವರ್ಷಕ್ಕೆ 30,000ದಂತೆ 1,50,000 ರೂಪಾಯಿ ಗ್ರಾಚ್ಯುಟಿ ಸಿಗುತ್ತದೆ. ರಾಜೀನಾಮೆ ಪಡೆದಿದ್ದರೆ ಸೇವೆ ಎರಡು ತುಂಡಾಗಿ, ಯಾವ ತುಂಡೂ ಐದು ವರ್ಷ ಮುಟ್ಟದೆ, ಕೈಗೆ ಏನೂ ಬರುವುದಿಲ್ಲ.

ಅರ್ಹತೆಗೆ ಮೂರು ವರ್ಷದ ಸೇವೆ ಸಾಕು ಎಂಬುದು ನನ್ನ ಅಭಿಪ್ರಾಯ. ಹತ್ತು ವರ್ಷ ಎಂದಿಟ್ಟರೆ, ಅಷ್ಟರೊಳಗೆ ರಜೆಯ ಅಗತ್ಯ ಬಿದ್ದವರು ಕೆಲಸ ಬಿಟ್ಟೇ ಹೋಗಿರುತ್ತಾರೆ. ‘ಉತ್ತಮ ಸಾಧನೆ ತೋರಿದವರಿಗೆ ಮಾತ್ರ’ ಎಂಬ ಷರತ್ತನ್ನು ಕೈಬಿಡಿ. ಅದು ನಿರ್ಧಾರವನ್ನು ಒಬ್ಬ ಮ್ಯಾನೇಜರ್ ಕೈಗೆ ಒಪ್ಪಿಸಿಬಿಡುತ್ತದೆ. ಶಿಸ್ತು ಕ್ರಮ ಬಾಕಿ ಇರಬಾರದು ಎಂದರೆ ಸಾಕು.

ಇನ್ನು ಸಂಬಳ. ಸಂಸ್ಥೆಗೆ ಉಪಯೋಗವಾಗುವ ಓದಿಗೆ ಅರ್ಧ ವೇತನ ಕೊಟ್ಟು, ಮರಳಿದ ಮೇಲೆ ಅಷ್ಟೇ ಅವಧಿ ದುಡಿಯಬೇಕೆಂದು ಕೇಳುವುದು ನ್ಯಾಯ. ನಡುವೆ ಬಿಟ್ಟರೆ ಪಡೆದ ಹಣದಲ್ಲಿ ಉಳಿದ ತಿಂಗಳುಗಳ ಪಾಲನ್ನಷ್ಟೇ ವಾಪಸು ಕೇಳಬೇಕು. ಉಳಿದ ಕಾರಣಗಳಿಗೆ ವೇತನವಿಲ್ಲದ ರಜೆಯೇ ಹೆಚ್ಚಿನ ಸಂಸ್ಥೆಗಳಿಗೆ ಸಾಧ್ಯ. ಆದರೆ ವೇತನವಿಲ್ಲ ಎಂದು ಬರೆದು ನಿಲ್ಲಿಸಿದರೆ ಆ ಕರಡು ಅರ್ಧವೇ. ಗುಂಪು ಆರೋಗ್ಯ ವಿಮೆಯ ಕಂತನ್ನು ಸಂಸ್ಥೆಯೇ ಕಟ್ಟುತ್ತದೆಯೇ, ಸಂಸ್ಥೆಯಿಂದ ಪಡೆದ ಸಾಲದ ಕಂತು ಮುಂದಕ್ಕೆ ಹೋಗುತ್ತದೆಯೇ ಎಂಬುದನ್ನು ಬರೆಯಬೇಕು. ಸಂಬಳವಿಲ್ಲದ ತಿಂಗಳುಗಳಿಗೆ ಪಿಎಫ್ ವಂತಿಗೆ ಇರುವುದಿಲ್ಲ. ಆದರೂ ಮಾಸಿಕ ವಿವರದಲ್ಲಿ ಆ ದಿನಗಳನ್ನು ವಂತಿಗೆಯಿಲ್ಲದ ದಿನಗಳೆಂದು ತೋರಿಸಬೇಕು, ಸೇವೆ ಬಿಟ್ಟ ದಿನಾಂಕ ನಮೂದಿಸಬಾರದು. ಇಲ್ಲಿ ಗುಮಾಸ್ತರೊಬ್ಬರು ತಪ್ಪಿದರೂ ರಜೆ ದಾಖಲೆಯಲ್ಲಿ ನಿರ್ಗಮನವಾಗಿಬಿಡುತ್ತದೆ.

ಕರಡಿನ ಜೀವಾಳ ಮರಳುವ ಹುದ್ದೆ. ‘ಸೂಕ್ತ ಹುದ್ದೆ ನೀಡಲು ಪ್ರಯತ್ನಿಸಲಾಗುವುದು’ ಎಂಬ ವಾಕ್ಯ ಯಾರನ್ನೂ ಕಾಯುವುದಿಲ್ಲ. ಅದೇ ಹುದ್ದೆ, ಇಲ್ಲವಾದರೆ ಸಮಾನ ಹುದ್ದೆ ಎಂದು ಬರೆಯಿರಿ. ಸಮಾನ ಎಂದರೆ ಅದೇ ಗ್ರೇಡ್, ಕಡಿಮೆಯಾಗದ ವೇತನ, ಅದೇ ಊರು, ಅದೇ ಮಟ್ಟದ ಹೊಣೆ. ಹತ್ತು ಜನರ ತಂಡ ನಡೆಸುತ್ತಿದ್ದವರನ್ನು ಅದೇ ಸಂಬಳಕ್ಕೆ ಒಂಟಿ ಮೇಜಿಗೆ ಕೂರಿಸಿದರೆ ಅದು ಹಿಂಬಡ್ತಿಯೇ. ರಜೆಯಲ್ಲಿದ್ದಾಗ ವಿಭಾಗವೇ ಮುಚ್ಚಿದರೆ ಕೆಲಸದಲ್ಲಿರುವವರಿಗೆ ಸಿಗುವ ಬದಲಿ ಹುದ್ದೆಯ ಅವಕಾಶ ಮತ್ತು ಪರಿಹಾರ ಇವರಿಗೂ ಸಿಗಬೇಕು. ರಜೆ ಹೋದವರ ಸ್ಥಾನಕ್ಕೆ ಬರುವವರ ಆದೇಶದಲ್ಲಿ ‘ತಾತ್ಕಾಲಿಕ’ ಎಂಬ ಪದ, ಕೊನೆಯ ದಿನಾಂಕ ಎರಡೂ ಇರಲಿ. ಭರವಸೆ ಮುರಿಯುವುದು ಬಹುಪಾಲು ಈ ಆದೇಶದಲ್ಲೇ.

ಅರ್ಜಿಯ ದಾರಿ ಚಿಕ್ಕದಾಗಿರಲಿ. ರಜೆಗೆ 90 ದಿನ ಮೊದಲು ಅರ್ಜಿ, 15 ದಿನದೊಳಗೆ ಲಿಖಿತ ಉತ್ತರ. ಒಪ್ಪದಿದ್ದರೆ ಕಾರಣವನ್ನೂ ಒಪ್ಪಬಹುದಾದ ಬೇರೆ ದಿನಾಂಕವನ್ನೂ ಬರೆದುಕೊಡಬೇಕು. ಮೇಲ್ಮನವಿ ಉತ್ತರ ಕೊಟ್ಟ ಮ್ಯಾನೇಜರ್‌ಗಿಂತ ಮೇಲಿನವರ ಬಳಿ ಹೋಗಬೇಕು. ಹೊರಡುವ ಮುನ್ನ ಕೆಲಸ ಒಪ್ಪಿಸುವ ಪಟ್ಟಿಗೆ ಒಪ್ಪಿಸುವವರೂ ವಹಿಸಿಕೊಳ್ಳುವವರೂ ಸಹಿ ಹಾಕಿ, ಮರಳುವ ದಿನಾಂಕ ಮತ್ತು ಹುದ್ದೆಯ ಪತ್ರ ನೌಕರರ ಕೈಸೇರಬೇಕು. ರಜೆ ಮುಗಿಯಲು 30 ದಿನವಿದ್ದಾಗ ಸಂಸ್ಥೆಯೇ ಪತ್ರ ಬರೆದು ಬರುವುದನ್ನು ಖಚಿತಪಡಿಸಿಕೊಳ್ಳಲಿ.

ನಿಯಮ ನಡೆಯುತ್ತಿದೆಯೇ ಎಂದು ತಿಳಿಯಲು ಮಂಜೂರಾದ ಅರ್ಜಿಗಳನ್ನು ಎಣಿಸಿದರೆ ಸಾಲದು. ಮರಳಿದವರಲ್ಲಿ ಎಷ್ಟು ಮಂದಿ ಅದೇ ಗ್ರೇಡ್‌ನಲ್ಲಿದ್ದಾರೆ, ಒಂದು ವರ್ಷದ ನಂತರ ಎಷ್ಟು ಮಂದಿ ಉಳಿದಿದ್ದಾರೆ ಎಂದು ನೋಡಿ. ನಾಳೆ ಗುಂಪು ಚರ್ಚೆಗೆ ಕೂರುವಾಗ ನಿಮ್ಮ ನಿಮ್ಮ ಸಂಸ್ಥೆಯ ಕರಡನ್ನು ತನ್ನಿ. ಮರಳುವ ಹುದ್ದೆಯ ವಾಕ್ಯದಿಂದಲೇ ತಿದ್ದಲು ಆರಂಭಿಸೋಣ.