ಬುಧವಾರವನ್ನು ಬುಧವಾರದೊಂದಿಗೇ ಹೋಲಿಸಬೇಕು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಪಂಚಾಯತಿ ಕಚೇರಿಯ ಗಣಕಯಂತ್ರದಲ್ಲಾಗಲಿ, ತಮ್ಮ ಮೊಬೈಲಿನಲ್ಲಾಗಲಿ ದಿನದ ಅಂಕಿ ಅಂಶಗಳನ್ನು ಸಣ್ಣ ಸಣ್ಣ ಚೌಕಗಳಲ್ಲಿ ತೋರಿಸುವ ಪದ್ಧತಿ ಈಗ ತಮಗೆ ಪರಿಚಿತವಾಗಿದೆ. ಇವುಗಳನ್ನು ಸಾರಾಂಶ ಕಾರ್ಡುಗಳೆನ್ನುತ್ತೇವೆ. ಕಾರ್ಡಿನ ನಡುವೆ ಇಂದಿನ ಸಂಖ್ಯೆ ದೊಡ್ಡದಾಗಿ ಇರುತ್ತದೆ. ಅದರ ಕೆಳಗೆ ಹಸಿರು ಅಥವಾ ಕೆಂಪು ಬಾಣವೊಂದು ಇದ್ದು, ‘ನಿನ್ನೆಗಿಂತ ಶೇಕಡಾ ಇಷ್ಟು ಏರಿಕೆ’ ಅಥವಾ ‘ಇಳಿಕೆ’ ಎಂದು ಹೇಳುತ್ತದೆ. ಈ ದಿನ ನಾನು ಮಾತನಾಡಬೇಕೆಂದಿರುವುದು ಆ ಬಾಣದ ಕುರಿತು ಮಾತ್ರ. ಅದು ಯಾವ ದಿನದೊಂದಿಗೆ ಹೋಲಿಸಿ ಮೇಲೆ ಅಥವಾ ಕೆಳಗೆ ತಿರುಗುತ್ತದೆ ಎಂಬುದು ಸರಿಯಾಗಿಲ್ಲದಿದ್ದರೆ, ನಿರಪರಾಧಿಯಾದ ನೌಕರನಿಗೆ ನಾವು ನೋಟಿಸು ಕೊಡಿಸಬಹುದು. ನಿಜವಾಗಿ ತೊಂದರೆಗೊಳಗಾದ ಗ್ರಾಮಸ್ಥರು ನಮ್ಮ ಕಣ್ಣಿಗೆ ಬೀಳದೆಯೂ ಹೋಗಬಹುದು.

ಲೆಕ್ಕ ತಿಳಿಯಾಗಲೆಂದು ಒಂದು ಗ್ರಾಮ ಪಂಚಾಯತಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಮಂಗಳವಾರ ಸಂತೆ. ಸುತ್ತಲಿನ ಹಳ್ಳಿಗಳ ಜನ ಸಂತೆಗೆ ಬಂದಾಗಲೇ ಪಂಚಾಯತಿ ಕಚೇರಿಯ ಬಾಪೂಜಿ ಸೇವಾ ಕೇಂದ್ರಕ್ಕೂ ಬಂದು ಪಹಣಿಗೆ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಕೊಟ್ಟು ಹೋಗುತ್ತಾರೆ. ಕೇಂದ್ರದ ಕಾರ್ಡು ದಿನಕ್ಕೆ ಎಷ್ಟು ಅರ್ಜಿಗಳು ಸ್ವೀಕೃತವಾದವು ಎಂಬುದನ್ನು ತೋರಿಸುತ್ತದೆ. ಒಂದು ವಾರ ಮಂಗಳವಾರ 92 ಅರ್ಜಿಗಳು ಬಂದವು, ಬುಧವಾರ 40. ಬುಧವಾರ ಸಂಜೆ ಕಾರ್ಡಿನಲ್ಲಿ ಕೆಂಪು ಬಾಣ ಬಂದು, ನಿನ್ನೆಗಿಂತ ಶೇಕಡಾ 57ರಷ್ಟು ಇಳಿಕೆ ಎಂದು ಕಾಣಿಸಿತು. ಇದನ್ನು ಕಂಡ ಸದಸ್ಯರೊಬ್ಬರು ‘ಆಪರೇಟರ್ ಮಧ್ಯಾಹ್ನ ಎಲ್ಲಿ ಹೋಗಿದ್ದರು?’ ಎಂದು ಕೇಳಿದರೆ ಅದು ಅಸಹಜವೇನಲ್ಲ.

ಆದರೆ ಅದಕ್ಕೂ ಹಿಂದಿನ ನಾಲ್ಕು ಬುಧವಾರಗಳ ಲೆಕ್ಕ ತೆಗೆದು ನೋಡಿದರೆ 38, 44, 41, 45 ಎಂದಿದೆ. ಇವುಗಳ ಮೊತ್ತ 168, ಸರಾಸರಿ 42. ಸಾಮಾನ್ಯವಾಗಿ 42 ಅರ್ಜಿಗಳು ಬರುವ ದಿನ 40 ಬಂದಿವೆ. ಇದರಲ್ಲಿ ವಿಚಾರಿಸಬೇಕಾದದ್ದು ಏನೂ ಇಲ್ಲ. ಆ ಕೆಂಪು ಬಾಣ ತಿಳಿಸಿದ್ದು ಒಂದೇ ಸಂಗತಿಯನ್ನು: ನಿನ್ನೆ ಸಂತೆ ಇತ್ತು, ಇಂದು ಇಲ್ಲ. ಅದು ಊರಿಗೆಲ್ಲ ಗೊತ್ತಿರುವ ವಿಷಯ. ಇಂಥ ಬಾಣ ಪ್ರತಿ ಬುಧವಾರವೂ ಕೆಂಪಾಗುತ್ತದೆ, ಪ್ರತಿ ಮಂಗಳವಾರವೂ ಹಸಿರಾಗುತ್ತದೆ. ಕೆಲವು ವಾರಗಳಲ್ಲಿ ನೋಡುವವರು ಅದನ್ನು ನಂಬುವುದನ್ನೇ ಬಿಡುತ್ತಾರೆ.

ಸುಳ್ಳು ಕೆಂಪು ಬಾಣಕ್ಕಿಂತಲೂ ಸುಳ್ಳು ಹಸಿರು ಬಾಣ ಹೆಚ್ಚು ಹಾನಿಕರ. ಅದೇ ಪಂಚಾಯತಿಯ ಮುಂದಿನ ವಾರವನ್ನು ನೋಡೋಣ. ಸೋಮವಾರ 51 ಅರ್ಜಿಗಳು, ಮಂಗಳವಾರ 66. ಕಾರ್ಡಿನಲ್ಲಿ ಹಸಿರು ಬಾಣ: ನಿನ್ನೆಗಿಂತ ಶೇಕಡಾ 29ರಷ್ಟು ಏರಿಕೆ. ಯಾರೂ ಪ್ರಶ್ನಿಸಲಿಲ್ಲ. ಹಿಂದಿನ ನಾಲ್ಕು ಮಂಗಳವಾರಗಳಲ್ಲಿ ಬಂದದ್ದು 96, 90, 94, 92, ಸರಾಸರಿ 93. ಅಂದರೆ ಆ ಮಂಗಳವಾರ ಸಾಮಾನ್ಯಕ್ಕಿಂತ 27 ಅರ್ಜಿಗಳು ಕಡಿಮೆ, ಶೇಕಡಾ 29ರಷ್ಟು ಇಳಿಕೆ. ಕಾರಣ ಹುಡುಕಿದಾಗ, ಸಂತೆ ತುಂಬಿರುವ ಹೊತ್ತಿನಲ್ಲೇ, ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕೇಂದ್ರದಲ್ಲಿ ಅಂತರಜಾಲ ಸಂಪರ್ಕ ಕಡಿದಿತ್ತೆಂದು ತಿಳಿಯಿತು. ಕಾದು ಕಾದು ಹಿಂತಿರುಗಿದವರು ಮರುದಿನ ಬರುವವರಲ್ಲ. ಅವರಿಗೆ ಮತ್ತೆ ಪಂಚಾಯತಿಗೆ ಬರಲು ಅನುಕೂಲವಾಗುವುದು ಮುಂದಿನ ಸಂತೆಗೇ; ಅದಕ್ಕೂ ಮೊದಲು ಬರಬೇಕೆಂದರೆ ಒಂದು ದಿನದ ಕೂಲಿ ಬಿಡಬೇಕು. ಒಂದೇ ಸಂಖ್ಯೆ, ಒಂದೇ ದಿನ. ನಿನ್ನೆಯೊಂದಿಗೆ ಹೋಲಿಸಿದರೆ ಶೇಕಡಾ 29 ಏರಿಕೆ, ಅದೇ ವಾರದಿನದ ಸರಾಸರಿಯೊಂದಿಗೆ ಹೋಲಿಸಿದರೆ ಶೇಕಡಾ 29 ಇಳಿಕೆ. ಎರಡೂ ಲೆಕ್ಕಗಳಲ್ಲಿ ತಪ್ಪಿಲ್ಲ. ಆದರೆ ಬಾಗಿಲಲ್ಲಿ ನಿಂತಿದ್ದವರ ವಿಷಯವನ್ನು ಎರಡನೆಯದು ಮಾತ್ರ ನಮಗೆ ತಿಳಿಸುತ್ತದೆ.

ಈ ಲೆಕ್ಕವನ್ನು ಮಾಡಲು ಹೊಸ ತಂತ್ರಾಂಶ ಬೇಕಾಗಿಲ್ಲ. ಗಣಕಯಂತ್ರದ ಲೆಕ್ಕದ ಹಾಳೆಯಲ್ಲಿ ಮೊದಲ ಸಾಲು ಶೀರ್ಷಿಕೆಗೆ ಇರಲಿ. ಎರಡನೆಯ ಸಾಲಿನಿಂದ A ಕಂಬದಲ್ಲಿ ದಿನಾಂಕವನ್ನೂ B ಕಂಬದಲ್ಲಿ ಅರ್ಜಿಗಳ ಸಂಖ್ಯೆಯನ್ನೂ ಬರೆಯಿಸಿ. ರಜೆ ಇರಲಿ, ಭಾನುವಾರ ಇರಲಿ, ಪ್ರತಿ ದಿನಾಂಕಕ್ಕೂ ಒಂದು ಸಾಲು ಇರಲೇಬೇಕು. ಆಗ ಏಳು ಸಾಲು ಮೇಲಕ್ಕೆ ಹೋದರೆ ಹಿಂದಿನ ವಾರದ ಅದೇ ದಿನ ಸಿಗುತ್ತದೆ. ಇಂದಿನ ದಿನ ಮೂವತ್ತನೆಯ ಸಾಲಿನಲ್ಲಿದ್ದರೆ C ಕಂಬದಲ್ಲಿ ಬರೆಯಬೇಕಾದ ಸೂತ್ರ ಇಷ್ಟೇ:

```
=AVERAGE(B23,B16,B9,B2)
```

ಇಂದಿನ ಸಂಖ್ಯೆಯಾದ B30 ಈ ಸೂತ್ರದಲ್ಲಿ ಇಲ್ಲದಿರುವುದನ್ನು ಗಮನಿಸಬೇಕು. ಇಂದಿನ ದಿನವನ್ನೂ ಸರಾಸರಿಯಲ್ಲಿ ಸೇರಿಸಿದರೆ ಇಂದಿನ ಕೊರತೆ ಸರಾಸರಿಯನ್ನೇ ಕೆಳಗೆಳೆದು, ತನ್ನನ್ನು ತಾನು ಭಾಗಶಃ ಮುಚ್ಚಿಕೊಳ್ಳುತ್ತದೆ.

ರಜಾದಿನಗಳ ಎದುರು ಏನು ಬರೆಯಬೇಕೆಂಬುದು ಸಣ್ಣ ವಿಷಯವಾಗಿ ಕಂಡರೂ, ಬಹುಪಾಲು ತಪ್ಪುಗಳು ನಡೆಯುವುದು ಅಲ್ಲಿಯೇ. ಕಚೇರಿ ಮುಚ್ಚಿದ್ದ ದಿನದ ಮನೆಯನ್ನು ಖಾಲಿ ಬಿಡಬೇಕು, ಸೊನ್ನೆ ಬರೆಯಬಾರದು. ಮೇಲಿನ ಸೂತ್ರ ಖಾಲಿ ಮನೆಯನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯುತ್ತದೆ, ಆದರೆ ಸೊನ್ನೆಯನ್ನು ಒಂದು ದಿನವೆಂದೇ ಎಣಿಸುತ್ತದೆ. ಶನಿವಾರವನ್ನೇ ತೆಗೆದುಕೊಳ್ಳಿ. ರಾಜ್ಯ ಸರ್ಕಾರಿ ಕಚೇರಿಗಳಿಗೆ ತಿಂಗಳ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಕೆಲಸ ನಡೆದ ಎರಡು ಶನಿವಾರಗಳಲ್ಲಿ 30 ಮತ್ತು 34 ಅರ್ಜಿಗಳು ಬಂದಿದ್ದು, ರಜೆಯ ಎರಡು ಶನಿವಾರಗಳಿಗೆ ಸೊನ್ನೆ ಬರೆದಿದ್ದರೆ, ಸರಾಸರಿ 32 ಆಗುವ ಬದಲು 16 ಆಗುತ್ತದೆ. ಮುಂದಿನ ಕೆಲಸದ ಶನಿವಾರ ಕೇವಲ 20 ಅರ್ಜಿಗಳು ಬಂದರೂ ಕಾರ್ಡು ಹಸಿರು ಬಾಣ ತೋರಿಸಿ ನಮ್ಮನ್ನು ಸಮಾಧಾನಪಡಿಸುತ್ತದೆ. ಕಚೇರಿ ತೆರೆದಿದ್ದು ಒಂದು ಅರ್ಜಿಯೂ ಬಾರದಿದ್ದರೆ ಅದು ನಿಜವಾದ ಸೊನ್ನೆ; ಅದನ್ನು ಬರೆಯಲೇಬೇಕು. ಜಾತ್ರೆಯ ವಾರ ಅಥವಾ ವಿಶೇಷ ಶಿಬಿರದ ದಿನ ಅರ್ಜಿಗಳು ಎಂದಿಗಿಂತ ಹಲವು ಪಟ್ಟು ಬಂದಿದ್ದರೆ, ಆ ದಿನವನ್ನು ಸೂತ್ರದಿಂದ ಕೈಬಿಟ್ಟು ಅದಕ್ಕೂ ಹಿಂದಿನ ವಾರವನ್ನು ತೆಗೆದುಕೊಂಡು, ಏಕೆ ಬಿಟ್ಟೆವೆಂಬುದನ್ನು ಪಕ್ಕದಲ್ಲಿ ಬರೆದಿಡುವುದು ಉಚಿತ.

ಇನ್ನೊಂದು ತೊಡಕು ಕಾರ್ಡು ದಿನವಿಡೀ ನವೀಕರಣಗೊಳ್ಳುತ್ತಿರುವುದರಿಂದ ಬರುತ್ತದೆ. ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ 14 ಅರ್ಜಿಗಳು ಬಂದಿವೆ ಎನ್ನೋಣ. ಇದನ್ನು ಪೂರ್ತಿ ದಿನದ ಸರಾಸರಿಯಾದ 42ರೊಂದಿಗೆ ಹೋಲಿಸಿದರೆ ಶೇಕಡಾ 67ರಷ್ಟು ಇಳಿಕೆ ಎಂದು ಬರುತ್ತದೆ. ದಿನ ಇನ್ನೂ ಮುಗಿದಿಲ್ಲವೆಂಬುದೊಂದೇ ಇದಕ್ಕೆ ಕಾರಣ. ಹೀಗಾಗದಂತೆ ನೋಡಿಕೊಳ್ಳಲು ಎರಡು ಮಾರ್ಗಗಳಿವೆ. ಪ್ರತಿ ಅರ್ಜಿಯ ಸ್ವೀಕೃತಿಯಲ್ಲಿ ಸಮಯ ದಾಖಲಾಗುತ್ತಿದ್ದರೆ, ಹಿಂದಿನ ಬುಧವಾರಗಳಲ್ಲಿ ಹನ್ನೊಂದು ಗಂಟೆಯವರೆಗೆ ಬಂದಿದ್ದ ಅರ್ಜಿಗಳ ಸರಾಸರಿಯೊಂದಿಗೆ ಹೋಲಿಸುವುದು ಒಂದು. ಅದು ಸಾಧ್ಯವಾಗದಿದ್ದರೆ, ಕಚೇರಿಯ ಸಮಯ ಮುಗಿಯುವವರೆಗೆ ಕಾರ್ಡಿನಲ್ಲಿ ಸಂಖ್ಯೆಯನ್ನಷ್ಟೇ ತೋರಿಸಿ ಬಾಣವನ್ನು ತೋರಿಸದಿರುವುದು ಎರಡನೆಯದು. ಯಾವ ಮಾರ್ಗವಾದರೂ ಕೊನೆಯ ಬಾರಿ ನವೀಕರಿಸಿದ ಸಮಯ ಕಾರ್ಡಿನ ಮೇಲೆ ಇರಲೇಬೇಕು. ಬೆಳಗ್ಗೆಯೇ ನಿಂತುಹೋದ ಕಾರ್ಡಿಗೂ ಅರ್ಜಿಗಳೇ ಬಾರದ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಅದರಿಂದಲೇ ತಿಳಿಯುತ್ತದೆ.

ಸರಾಸರಿಗಿಂತ ಎಷ್ಟು ಕಡಿಮೆಯಾದಾಗ ವಿಚಾರಿಸಬೇಕು ಎಂದು ತಾವು ಕೇಳಬಹುದು. ಸರಾಸರಿಯ ಜೊತೆಗೆ ಆ ನಾಲ್ಕು ಸಂಖ್ಯೆಗಳಲ್ಲಿ ಅತಿ ಕಡಿಮೆ ಮತ್ತು ಅತಿ ಹೆಚ್ಚಿನವನ್ನೂ ಬರೆಯಿಸಿಕೊಳ್ಳಿ. ನಮ್ಮ ಬುಧವಾರಗಳು 38ರಿಂದ 45ರ ನಡುವೆ ಇದ್ದವು. 40 ಅದರೊಳಗೇ ಇದೆ. ಮಂಗಳವಾರಗಳು 90ರಿಂದ 96ರ ನಡುವೆ ಇದ್ದವು. 66 ಅದರಿಂದ ಬಹಳ ದೂರ ಬಿದ್ದಿದೆ. ಆದರೆ ಈ ಎಲ್ಲೆಯನ್ನು ಒಂದೆರಡು ಅಂಕಿಯಷ್ಟು ದಾಟಿದೊಡನೆ ಸಭೆ ಕರೆಯಬಾರದು. ಕೇವಲ ನಾಲ್ಕು ದಿನಗಳ ಎಲ್ಲೆಯಾದ್ದರಿಂದ, ಏನೂ ಬದಲಾಗದಿದ್ದರೂ ಹೊಸ ಸಂಖ್ಯೆ ಸುಮಾರು ಐದರಲ್ಲಿ ಎರಡು ಬಾರಿ ಅದರ ಹೊರಗೆ ಬೀಳುತ್ತದೆ. ಎಂಟು ವಾರಗಳನ್ನು ತೆಗೆದುಕೊಂಡರೆ ಅದು ಒಂಬತ್ತರಲ್ಲಿ ಎರಡು ಬಾರಿಗೆ ಇಳಿಯುತ್ತದೆ. ಎಲ್ಲೆಯಿಂದ ಬಹಳ ದೂರವಿದ್ದರೆ ಅಥವಾ ಸತತ ಎರಡು ಮೂರು ವಾರ ಅದೇ ದಿನ ಎಲ್ಲೆಯ ಕೆಳಗೇ ಇದ್ದರೆ ವಿಚಾರಿಸುವುದು ಯುಕ್ತ. ಚಿಕ್ಕ ಪಂಚಾಯತಿಗಳಲ್ಲಿ ಶೇಕಡಾವಾರನ್ನು ಬಿಡುವುದೇ ಒಳ್ಳೆಯದು. ನಾಲ್ಕು ಅರ್ಜಿ ಬರುವ ದಿನ ಎರಡು ಬಂದರೆ ಅದು ‘ಶೇಕಡಾ 50 ಇಳಿಕೆ’ ಎಂದಾಗುತ್ತದೆ; ‘ಎರಡು ಕಡಿಮೆ’ ಎಂದರೆ ವಿಷಯ ಇದ್ದಷ್ಟೇ ತಿಳಿಯುತ್ತದೆ.

ಈ ವಿಧಾನಕ್ಕೂ ಒಂದು ಮಿತಿಯಿದೆ. ಅರ್ಜಿಗಳು ವಾರಕ್ಕೆ ಒಂದು ಎರಡರಂತೆ ನಿಧಾನವಾಗಿ ಕಡಿಮೆಯಾಗುತ್ತಿದ್ದರೆ, ನಾಲ್ಕು ವಾರಗಳ ಸರಾಸರಿಯೂ ಅವುಗಳ ಹಿಂದೆಯೇ ಇಳಿಯುತ್ತದೆ. ಕಾರ್ಡು ಪ್ರತಿ ವಾರವೂ ‘ಹೆಚ್ಚುಕಡಿಮೆ ಸಾಮಾನ್ಯ’ ಎನ್ನುತ್ತಲೇ ಇರುತ್ತದೆ. ಇದನ್ನು ಹಿಡಿಯಲು ಪ್ರತಿ ತಿಂಗಳ ಕೊನೆಗೆ ಏಳು ವಾರದಿನಗಳ ಸರಾಸರಿಯನ್ನು ಒಂದು ವಹಿಯಲ್ಲಿ ಬರೆದಿಟ್ಟು, ಹಿಂದಿನ ವರ್ಷದ ಅದೇ ತಿಂಗಳಿನೊಂದಿಗೆ ನೋಡಬೇಕು. ಸಂತೆಯ ದಿನವೇ ಬದಲಾದರೆ ಹಳೆಯ ಸರಾಸರಿಗಳು ಉಪಯೋಗಕ್ಕೆ ಬರುವುದಿಲ್ಲ. ನಾಲ್ಕು ವಾರ ಕಾದು ಹೊಸದಾಗಿ ತೆಗೆಯಬೇಕು.

ಮುಂದಿನ ಸಾಮಾನ್ಯ ಸಭೆಯಲ್ಲಿ ಕಾರ್ಡಿನ ಕೆಂಪು ಬಾಣವೊಂದನ್ನು ತಮ್ಮ ಮುಂದಿಟ್ಟಾಗ, ಉತ್ತರ ಕೇಳುವ ಮೊದಲು ಒಂದು ಪ್ರಶ್ನೆಯನ್ನು ಕೇಳಬೇಕೆಂದು ವಿನಂತಿಸುತ್ತೇನೆ: ‘ಇದು ಯಾವ ದಿನಕ್ಕಿಂತ ಕಡಿಮೆ?’ ಹಸಿರು ಬಾಣ ಬಂದಾಗಲೂ ಅದೇ ಪ್ರಶ್ನೆಯನ್ನು ಕೇಳಿ. ಮೂರು ಗಂಟೆ ಕಾದು ಬರಿಗೈಯಲ್ಲಿ ಹಿಂತಿರುಗಿದ ಆ 27 ಅರ್ಜಿದಾರರು ನಮ್ಮ ಪಂಚಾಯತಿಯ ಲೆಕ್ಕಕ್ಕೆ ಬರುವುದು ಆ ಪ್ರಶ್ನೆಯಿಂದಲೇ.