ಸುದ್ದಿಯ ಮೇಜು, ಜಾಹೀರಾತಿನ ಕಿಟಕಿ



ವಡಾಲದಲ್ಲಿ ಇರುವವರೆಲ್ಲರೂ ಶನಿವಾರ ಪತ್ರಿಕೆ ತೆರೆದಾಗ ಹುಡುಕುವ ಒಂದು ಸುದ್ದಿ ಇದೆ. ನಾಳೆ ಹಾರ್ಬರ್ ಲೈನಿನಲ್ಲಿ ಮೆಗಾ ಬ್ಲಾಕ್ ಇದೆಯೇ? ಇದ್ದರೆ ಎಲ್ಲಿಂದ ಎಲ್ಲಿಗೆ, ಎಷ್ಟು ಗಂಟೆಯಿಂದ ಎಷ್ಟರ ತನಕ? ಪನ್ವೇಲ್ ಕಡೆಗೂ ಅಂಧೇರಿ ಕಡೆಗೂ ಗಾಡಿಗಳು ಕವಲೊಡೆಯುವುದು ನಮ್ಮ ವಡಾಲ ರೋಡ್ ನಿಲ್ದಾಣದಲ್ಲೇ. ಹಾಗಾಗಿ ಆ ನಾಲ್ಕು ಸಾಲು ತಪ್ಪಿದರೆ ರವಿವಾರದ ಮದುವೆ, ನಾಮಕರಣ, ಯಕ್ಷಗಾನ ಎಲ್ಲಕ್ಕೂ ತೊಂದರೆ. ಆ ಸುದ್ದಿಯನ್ನು ಪತ್ರಿಕೆಯ ವರದಿಗಾರ ಹಳಿಯ ಮೇಲೆ ನಡೆದು ತಂದಿರುವುದಿಲ್ಲ. ಅದು ಸೆಂಟ್ರಲ್ ರೈಲ್ವೆಯ ಸಾರ್ವಜನಿಕ ಸಂಪರ್ಕ ವಿಭಾಗ ಕಳಿಸುವ ಪತ್ರಿಕಾ ಪ್ರಕಟಣೆ. ಅದನ್ನು ಹಾಕಲು ಪತ್ರಿಕೆ ರೈಲ್ವೆಯಿಂದ ಕಾಸು ತೆಗೆದುಕೊಳ್ಳುವುದಿಲ್ಲ.

ಅದೇ ಪುಟದ ಕೆಳಗೆ ಅದೇ ರೈಲ್ವೆಯ ಟೆಂಡರು ಜಾಹೀರಾತು ಇರಬಹುದು. ಅದಕ್ಕೆ ಹಣ ಸಂದಿರುತ್ತದೆ. ಕಳಿಸುವವರು ಒಬ್ಬರೇ, ಅಚ್ಚಾಗುವ ಕಾಗದವೂ ಒಂದೇ, ಆದರೂ ಒಂದು ಸಂಪಾದಕೀಯ ವಿಭಾಗಕ್ಕೆ ಹೋಗುತ್ತದೆ, ಇನ್ನೊಂದು ಜಾಹೀರಾತು ವಿಭಾಗಕ್ಕೆ. ಇದು ಯಾಕೆ ಹೀಗೆ ಎಂದು ತಿಳಿದರೆ ನಮ್ಮ ಕನ್ನಡ ಸಂಘಗಳ ಪ್ರಕಟಣೆಗಳಲ್ಲಿ ಏನು ಕೆಡುತ್ತಿದೆ ಎಂಬುದೂ ತಿಳಿಯುತ್ತದೆ.

ಜಾಹೀರಾತು ಎಂದರೆ ಜಾಗದ ಮಾರಾಟ. ಪತ್ರಿಕೆ ಜಾಗವನ್ನು ಕಾಲಂ ಸೆಂಟಿಮೀಟರಿನಲ್ಲಿ ಅಳೆಯುತ್ತದೆ. ಎರಡು ಕಾಲಂ ಅಗಲ, ಹತ್ತು ಸೆಂಟಿಮೀಟರ್ ಎತ್ತರ ಎಂದರೆ ಇಪ್ಪತ್ತು ಕಾಲಂ ಸೆಂಟಿಮೀಟರ್. ಅದನ್ನು ದರದಿಂದ ಗುಣಿಸಿ, ತೆರಿಗೆ ಸೇರಿಸಿ, ಬಿಲ್ಲು ಮಾಡುತ್ತಾರೆ. ಹಣ ಕೊಟ್ಟ ಮೇಲೆ ಆ ಜಾಗ ನಿಮ್ಮದು. ಕಾನೂನಿಗೆ ವಿರುದ್ಧವಲ್ಲದ ಏನನ್ನು ಬೇಕಾದರೂ ನಿಮ್ಮ ಮಾತಿನಲ್ಲೇ ಹೇಳಬಹುದು. ಯಾವ ದಿನ, ಯಾವ ಅಳತೆ, ಯಾರ ಭಾವಚಿತ್ರ ಎಂಬುದೆಲ್ಲ ನಿಮ್ಮ ಇಷ್ಟ. ಶ್ರದ್ಧಾಂಜಲಿಯಲ್ಲಿ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳ ಹೆಸರು ಯಾವ ಕ್ರಮದಲ್ಲಿ ಬರಬೇಕೆಂದು ಮನೆಯವರು ಹೇಳುತ್ತಾರೋ ಅದೇ ಕ್ರಮದಲ್ಲಿ ಬರುತ್ತದೆ. ಉಪಸಂಪಾದಕ ಅದನ್ನು ಮುಟ್ಟುವುದಿಲ್ಲ.

ಪತ್ರಿಕಾ ಪ್ರಕಟಣೆಯಲ್ಲಿ ಇದಾವುದೂ ನಿಮ್ಮ ಕೈಯಲ್ಲಿಲ್ಲ. ಹಾಕುವುದು ಬಿಡುವುದು ಸಂಪಾದಕರ ಇಷ್ಟ. ಕತ್ತರಿಸಬಹುದು, ತಿರುಗಿಸಿ ಬರೆಯಬಹುದು, ನಾಡಿದ್ದು ಹಾಕಬಹುದು, ಫೋನು ಮಾಡಿ ನೀವು ಬರೆಯದ ಪ್ರಶ್ನೆಯನ್ನು ಕೇಳಬಹುದು. ಇಷ್ಟು ಹಕ್ಕು ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ನಿಮಗೆ ಸಿಗುವುದು ಒಂದೇ: ಓದುಗ ಅದನ್ನು ಸುದ್ದಿಯೆಂದು ಓದುತ್ತಾನೆ. ಮೂರನೆಯವರೊಬ್ಬರು ನೋಡಿ, ತೂಗಿ, ಇದು ನಿನಗೆ ಬೇಕಾದದ್ದು ಎಂದು ಕೊಟ್ಟಿದ್ದಾರೆ ಎಂಬ ನಂಬಿಕೆ ಅದರ ಹಿಂದಿರುತ್ತದೆ. ಆ ನಂಬಿಕೆ ಹಣಕ್ಕೆ ಸಿಗುವ ವಸ್ತುವಲ್ಲ. ಹಣ ಕೊಟ್ಟು ಹಾಕಿಸಿದ್ದನ್ನು ಸುದ್ದಿಯ ವೇಷದಲ್ಲಿ ಕೊಡಬಾರದು, ಜಾಹೀರಾತು ಜಾಹೀರಾತೆಂದೇ ಓದುಗನಿಗೆ ಕಾಣಬೇಕು ಎಂದು ಭಾರತೀಯ ಪತ್ರಿಕಾ ಮಂಡಳಿ ತನ್ನ ನಡವಳಿಕೆಯ ನಿಯಮಗಳಲ್ಲಿ ಹೇಳಿರುವುದು ಇದಕ್ಕೇ. ಕಾಸಿಗಾಗಿ ಸುದ್ದಿ ಎಂಬ ರೋಗದ ಬಗ್ಗೆ ಮಂಡಳಿ 2010ರಲ್ಲಿ ವರದಿಯನ್ನೇ ತಯಾರಿಸಿತು.

ಸುದ್ದಿಗೂ ಜಾಹೀರಾತಿಗೂ ನಡುವಿನ ಈ ಗೆರೆಯನ್ನು ಸ್ಪಷ್ಟವಾಗಿ ಎಳೆದ ಮೊದಲಿಗರಲ್ಲಿ ಒಬ್ಬ ಅಮೆರಿಕದ ಐವಿ ಲೀ. ಪತ್ರಕರ್ತನಾಗಿದ್ದು ಆಮೇಲೆ ಕಂಪೆನಿಗಳ ಪರವಾಗಿ ಪತ್ರಿಕೆಗಳಿಗೆ ಮಾಹಿತಿ ಒದಗಿಸುವ ಕೆಲಸಕ್ಕಿಳಿದವನು. 1906ರಲ್ಲಿ ಅವನು ಸಂಪಾದಕರಿಗೆ ತನ್ನ ನಿಯಮಗಳನ್ನು ಬರೆದು ಕಳಿಸಿದ. ನಮ್ಮದು ಗುಟ್ಟಿನ ಕಚೇರಿಯಲ್ಲ, ಜಾಹೀರಾತು ಸಂಸ್ಥೆಯೂ ಅಲ್ಲ. ನಾವು ಕಳಿಸಿದ್ದು ನಿಮ್ಮ ವ್ಯವಹಾರ ವಿಭಾಗಕ್ಕೆ ಹೋಗಬೇಕಾದ ಸರಕು ಎನಿಸಿದರೆ ಅದನ್ನು ಬಳಸಬೇಡಿ ಎಂಬುದು ಅದರ ತಾತ್ಪರ್ಯ. ಅದೇ ವರ್ಷದ ಅಕ್ಟೋಬರ್ 28ರಂದು ಪೆನ್ಸಿಲ್ವೇನಿಯಾ ರೈಲ್ವೆಯ ಗಾಡಿಯೊಂದು ಅಟ್ಲಾಂಟಿಕ್ ಸಿಟಿಯ ಬಳಿ ಸೇತುವೆಯಿಂದ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವನ್ನು ಮುಚ್ಚಿಡುವುದು ಅಂದಿನ ರೈಲ್ವೆಗಳ ಪದ್ಧತಿ. ಆ ರೈಲ್ವೆಯ ಪರವಾಗಿ ಲೀ ಅದನ್ನು ಮುರಿದು, ತಿಳಿದ ಸಂಗತಿಗಳನ್ನು ಬರೆದು ಪತ್ರಿಕೆಗಳಿಗೆ ಕೊಟ್ಟ. ನ್ಯೂಯಾರ್ಕ್ ಟೈಮ್ಸ್ ಅದನ್ನು ಇದ್ದ ಹಾಗೆಯೇ ಅಚ್ಚುಮಾಡಿತು. ಮೊದಲ ಪತ್ರಿಕಾ ಪ್ರಕಟಣೆ ಎಂದು ಈ ಕ್ಷೇತ್ರದವರು ಹೆಸರಿಸುವುದು ಅದನ್ನೇ. ನನಗೆ ಮುಖ್ಯವೆನಿಸುವುದು ಅದರ ವಿಷಯ. ಕಂಪೆನಿಯ ಹೊಗಳಿಕೆಯಿಂದಲ್ಲ, ಕಂಪೆನಿಗೆ ಕೆಟ್ಟ ಹೆಸರು ತರುವ ಸುದ್ದಿಯಿಂದ ಈ ಬರವಣಿಗೆ ಶುರುವಾಯಿತು.

ಈಗ ಮೆಗಾ ಬ್ಲಾಕಿನ ಪ್ರಕಟಣೆಗೆ ಹಿಂದಿರುಗೋಣ. ಅದರ ಕಟ್ಟನ್ನು ಗಮನಿಸಿ. ಇಂಥ ದಿನ, ಉಪನಗರ ಮಾರ್ಗದಲ್ಲಿ, ನಿರ್ವಹಣೆ ಕೆಲಸಕ್ಕಾಗಿ ಬ್ಲಾಕ್ ಎಂಬುದು ಮೊದಲು. ಕೂಡಲೇ ಯಾವ ಲೈನು, ಯಾವ ನಿಲ್ದಾಣದಿಂದ ಯಾವ ನಿಲ್ದಾಣ, ಅಪ್ಪೋ ಡೌನೋ, ಎಷ್ಟು ಗಂಟೆಯಿಂದ ಎಷ್ಟು ಗಂಟೆ. ಆಮೇಲೆ ರದ್ದಾಗುವ ಗಾಡಿಗಳು. ಆಮೇಲೆ ಹಾರ್ಬರ್ ಪ್ರಯಾಣಿಕರು ಮೇನ್ ಲೈನಿನಲ್ಲೋ ವೆಸ್ಟರ್ನ್‌ನಲ್ಲೋ ಹೋಗಬಹುದೆಂಬ ಸವಲತ್ತು. ಹಳಿಗಳ ಸುರಕ್ಷತೆಗೆ ಈ ಕೆಲಸ ಅಗತ್ಯ, ಆಗುವ ತೊಂದರೆಗೆ ಸಹಕರಿಸಿ ಎಂಬ ಮಾತು ಕಟ್ಟಕಡೆಗೆ. ರೈಲ್ವೆ ತನ್ನ ಪರವಾಗಿ ಹೇಳಿಕೊಳ್ಳುವುದು ಅದೊಂದೇ ಮಾತು, ಅದನ್ನೂ ಬಾಲಕ್ಕೆ ಕಟ್ಟಿದೆ. ಜಾಗ ಸಾಲದೆ ಉಪಸಂಪಾದಕ ಕೆಳಗಿನಿಂದ ಕತ್ತರಿಸುತ್ತ ಬಂದರೆ ಮೊದಲು ಹೋಗುವುದು ಅದು. ಕೊನೆಗೆ ಎರಡೇ ಸಾಲು ಉಳಿದರೂ ಪ್ರಯಾಣಿಕನಿಗೆ ಬೇಕಾದದ್ದು ಉಳಿಯುತ್ತದೆ.

ಪ್ರಕಟಣೆಯ ಮೊದಲ ಪ್ಯಾರಾದ ಇಡೀ ವಿದ್ಯೆ ಇರುವುದು ಈ ಕತ್ತರಿಯಲ್ಲಿ. ಪತ್ರಿಕೆಯ ಪುಟ ಕಟ್ಟುವಾಗ ಕೊನೆಯ ಗಳಿಗೆಯಲ್ಲಿ ಜಾಹೀರಾತೊಂದು ಬಂದರೆ ಸುದ್ದಿ ಕುಗ್ಗಬೇಕು. ಆಗ ಯಾರಿಗೂ ನಡುವಿನಿಂದ ಆರಿಸಿ ತೆಗೆಯುವ ವ್ಯವಧಾನವಿಲ್ಲ, ಕೆಳಗಿನ ಪ್ಯಾರಾ ಹಾರಿಸುತ್ತಾರೆ. ಆದ್ದರಿಂದ ಬರೆದು ಮುಗಿಸಿದ ಮೇಲೆ ಮೊದಲ ಪ್ಯಾರಾ ಬಿಟ್ಟು ಉಳಿದದ್ದನ್ನು ಅಂಗೈಯಿಂದ ಮುಚ್ಚಿ ನೋಡಿ. ಅಷ್ಟನ್ನೇ ಓದಿದವನು ಸರಿಯಾದ ದಿನ, ಸರಿಯಾದ ಹೊತ್ತಿಗೆ, ಸರಿಯಾದ ಜಾಗಕ್ಕೆ ಬರಬಲ್ಲನೇ? ಬರಲಾರ ಎಂದಾದರೆ ಪ್ಯಾರಾ ಇನ್ನೂ ಆಗಿಲ್ಲ.

ನಮ್ಮ ಸಂಘಗಳಿಂದ ಸಾಮಾನ್ಯವಾಗಿ ಹೋಗುವ ಪ್ರಕಟಣೆ ಹೇಗಿರುತ್ತದೆ? ಒಂದು ಮಾದರಿಯನ್ನು ನಾನೇ ಬರೆದು ತಂದಿದ್ದೇನೆ. “ಸಂಘದ ಇತಿಹಾಸದಲ್ಲಿ ಸುವರ್ಣಾಕ್ಷರಗಳಿಂದ ಬರೆದಿಡಬೇಕಾದ, ಕಲಾಭಿಮಾನಿಗಳ ಬಹುಕಾಲದ ಕನಸಾದ ಯಕ್ಷಗಾನ ತರಬೇತಿ ಶಿಬಿರವು, ಕೊಡುಗೈ ದಾನಿಗಳೂ ಖ್ಯಾತ ಉದ್ಯಮಿಗಳೂ ಆದ ಮಾನ್ಯ ಅಧ್ಯಕ್ಷರ ದಕ್ಷ ನೇತೃತ್ವದಲ್ಲಿ, ಗಣ್ಯರ ಉಪಸ್ಥಿತಿಯಲ್ಲಿ, ವಿಜೃಂಭಣೆಯಿಂದ ಉದ್ಘಾಟನೆಗೊಳ್ಳಲಿದೆ.” ಮುಂದಿನ ಎರಡು ಪ್ಯಾರಾ ಗಣ್ಯರ ಹೆಸರು. ದಿನಾಂಕ ನಾಲ್ಕನೆಯದರಲ್ಲಿ. ಮಕ್ಕಳಿಗೆ ಶುಲ್ಕವಿಲ್ಲ ಎಂಬುದು ಕೊನೆಯ ಸಾಲಿನಲ್ಲಿ.

ಇದರಲ್ಲಿ ಸುದ್ದಿ ಇದೆ, ಒಳ್ಳೆಯ ಸುದ್ದಿಯೇ ಇದೆ. ಅದನ್ನು ಮೇಲಕ್ಕೆತ್ತಿದರೆ ಹೀಗಾಗುತ್ತದೆ: “ಮುಂಬಯಿ, ಜ. 5: ಎಂಟರಿಂದ ಹದಿನಾರು ವರ್ಷದ ಮಕ್ಕಳಿಗೆ ಉಚಿತ ಯಕ್ಷಗಾನ ತರಬೇತಿ ವಡಾಲ ಪಶ್ಚಿಮದ ನಮ್ಮ ಸಂಘದ ಸಭಾಗೃಹದಲ್ಲಿ ಜ. 18ರ ರವಿವಾರ ಬೆಳಿಗ್ಗೆ 10ಕ್ಕೆ ಆರಂಭವಾಗಲಿದೆ. ಹನ್ನೆರಡು ರವಿವಾರ ತರಗತಿ ನಡೆಯಲಿದೆ. 30 ಮಕ್ಕಳಿಗೆ ಮಾತ್ರ ಅವಕಾಶ. ಹೆಸರು ಕೊಡಲು ಜ. 14 ಕೊನೆಯ ದಿನ.” ‘ನಮ್ಮ ಸಂಘ’ ಇರುವಲ್ಲಿ ನಿಮ್ಮ ಸಂಘದ ಹೆಸರು ಹಾಕಿಕೊಳ್ಳಿ.

ನೋಡಿ, ವಾಕ್ಯ ಮಕ್ಕಳಿಂದ ಶುರುವಾಗಿದೆ. ಯಾರು, ಏನು, ಯಾವಾಗ, ಎಲ್ಲಿ, ಯಾಕೆ, ಹೇಗೆ ಎಂಬ ಆರು ಪ್ರಶ್ನೆಗಳನ್ನು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಆರಕ್ಕೂ ಒಂದೇ ತೂಕವಿಲ್ಲ. ಇಲ್ಲಿ ‘ಯಾರು’ ಎಂದರೆ ಉದ್ಘಾಟಕರಲ್ಲ, ಶಿಬಿರಕ್ಕೆ ಬರಬಹುದಾದ ಮಗು. ‘ಎಲ್ಲಿ’ ಎಂಬುದಕ್ಕೆ ಮುಂಬಯಿಯಲ್ಲಿ ಸಭಾಗೃಹದ ಹೆಸರು ಸಾಲದು, ನಿಲ್ದಾಣವೂ ಪೂರ್ವವೋ ಪಶ್ಚಿಮವೋ ಎಂಬುದೂ ಬೇಕು. ಡೊಂಬಿವಲಿಯ ತಾಯಿ ಮಗುವನ್ನು ಕುರ್ಲಾದಲ್ಲಿ ಗಾಡಿ ಬದಲಿಸಿ ಕರೆತರಬೇಕೋ ಬೇಡವೋ ಎಂದು ನಿರ್ಧರಿಸುವುದು ಆ ಎರಡು ಪದಗಳ ಮೇಲೆ. ‘ಯಾಕೆ’ ಎಂಬುದು ಇಲ್ಲಿ ಎರಡನೆಯ ಪ್ಯಾರಾಕ್ಕೆ ಹೋದರೆ ನಷ್ಟವಿಲ್ಲ. ಅಧ್ಯಕ್ಷರು, ದಾನಿಗಳು ಮೂರನೆಯದರಲ್ಲಿ ಬರಲಿ, ಅವರ ಸಹಾಯ ಸುಳ್ಳಲ್ಲವಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಎಚ್ಚರ ಬೇಕು. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕಡೆಗೆ ಬರುತ್ತದೆ. ‘ಆಗಿದ್ದು’, ‘ನಡೆಯಲಿದ್ದು’, ‘ವಹಿಸಲಿದ್ದು’ ಎಂದು ಪೋಣಿಸುತ್ತ ಹೋದರೆ ಏನಾಯಿತು ಎಂದು ತಿಳಿಯಲು ಐವತ್ತು ಪದ ಕಾಯಬೇಕು. ಅಷ್ಟರಲ್ಲಿ ಓದುಗ ಪಕ್ಕದ ಕಾಲಮಿಗೆ ಹೋಗಿರುತ್ತಾನೆ. ಮೊದಲ ವಾಕ್ಯವನ್ನು ಇಪ್ಪತ್ತು ಪದದೊಳಗೆ ಮುಗಿಸಿ, ಉಳಿದದ್ದಕ್ಕೆ ಬೇರೆ ವಾಕ್ಯ ಮಾಡಿ. ವಿಶೇಷಣಗಳ ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು: ಅದ್ಭುತ, ಅಭೂತಪೂರ್ವ, ಅದ್ದೂರಿ ಎಂಬವು ಜಾಹೀರಾತಿನ ಸೊತ್ತು. ಪ್ರಕಟಣೆಯಲ್ಲಿ ಮೆಚ್ಚುಗೆ ಬೇಕೇ ಬೇಕು ಎಂದಾದರೆ ಅದು ಹೆಸರಿರುವ ಒಬ್ಬರ ಬಾಯಿಯ ಮಾತಾಗಿ, ಉದ್ಧರಣ ಚಿಹ್ನೆಯೊಳಗೆ, ಮೂರನೆಯ ಪ್ಯಾರಾದ ಆಸುಪಾಸಿನಲ್ಲಿ ಬರಲಿ. ಸಂಘವೇ ತನ್ನನ್ನು ತಾನು ಹೊಗಳಿಕೊಂಡ ಸಾಲಿಗೆ ಉಪಸಂಪಾದಕ ಗೀಟು ಹಾಕುತ್ತಾನೆ, ಹಾಕಲೇಬೇಕು.

ಕಾರ್ಯಕ್ರಮ ಮುಗಿದ ಮೇಲೆ ಕಳಿಸುವ ಪ್ರಕಟಣೆಯ ಮೊದಲ ಪ್ಯಾರಾ ಬೇರೆ ಬಗೆಯದು. ಅಲ್ಲಿ ಕಾರ್ಯಕ್ರಮ ನಡೆಯಿತು ಎಂಬುದು ಸುದ್ದಿಯಲ್ಲ, ನಡೆಯಲಿದೆ ಎಂದು ಹಿಂದಿನ ವಾರವೇ ಹೇಳಿಯಾಗಿದೆ. ಅಲ್ಲಿ ಏನು ತೀರ್ಮಾನವಾಯಿತು, ಭಾಷಣಕಾರರು ಹೇಳಿದ ಹೊಸ ವಿಷಯವೇನು, ಯಾವ ಪುಸ್ತಕ ಹೊರಬಂತು ಎಂಬುದು ಮೇಲೆ ಬರಬೇಕು. ದೀಪ ಬೆಳಗಿದವರು, ಪ್ರಾರ್ಥಿಸಿದವರು, ವಂದಿಸಿದವರು ಎಂದು ಕಾರ್ಯಕ್ರಮ ಪಟ್ಟಿಯ ಕ್ರಮದಲ್ಲೇ ಬರೆದರೆ ಅದು ನಡಾವಳಿ ಪುಸ್ತಕಕ್ಕೆ ಸರಿ, ಪತ್ರಿಕೆಗಲ್ಲ.

ಕೆಲವು ವಿಷಯಗಳನ್ನು ಪ್ರಕಟಣೆಗೆ ನಂಬಿ ಬಿಡಲೇಬಾರದು. ವಾರ್ಷಿಕ ಮಹಾಸಭೆಯ ಸೂಚನೆ, ಸಭೆಯ ಜಾಗ ಬದಲಾದ ಸೂಚನೆ ಇವು ನಿಶ್ಚಿತ ದಿನ, ನಿಶ್ಚಿತ ಪದಗಳಲ್ಲಿ ಸದಸ್ಯರನ್ನು ತಲುಪಬೇಕು. ಇಂಥದಕ್ಕೆ ಪತ್ರಿಕೆ ಬೇಕೆಂದಾದರೆ ಹಣ ಕೊಟ್ಟು ಜಾಹೀರಾತು ಹಾಕಿ. ದಾನಿಗಳಿಗೆ ಕೃತಜ್ಞತೆ, ಅಭಿನಂದನೆ, ಹುಟ್ಟುಹಬ್ಬದ ಶುಭಾಶಯವೂ ಹಾಗೆಯೇ. ಅವು ಸಂಘಕ್ಕೆ ಬೇಕಾದವು, ಹೊರಗಿನ ಓದುಗನಿಗಲ್ಲ. ಅವನ್ನು ಸುದ್ದಿಯಾಗಿ ಹಾಕಿಸಲು ಸಂಪಾದಕರ ಮೇಲೆ ಪರಿಚಯದ ಒತ್ತಡ ತರುವುದು ಸರಿಯಲ್ಲ. ಮುಂಬಯಿಯ ಕನ್ನಡ ಪತ್ರಿಕೆಗಳು ಕಡಿಮೆ ಪುಟಗಳಲ್ಲಿ ಇಡೀ ಮಹಾನಗರದ ಸಂಘಗಳಿಗೆ ಜಾಗ ಕೊಡುತ್ತಿವೆ. ನಮ್ಮ ಸಂಘದ ಹೊಗಳಿಕೆ ಹೆಚ್ಚು ಜಾಗ ತಿಂದಷ್ಟೂ ಇನ್ನೊಂದು ಸಂಘದ ಶಿಬಿರದ ಸುದ್ದಿ ಹೊರಗುಳಿಯುತ್ತದೆ.

ಇಲ್ಲಿ ಕುಳಿತಿರುವ ಕಾರ್ಯದರ್ಶಿಗಳಲ್ಲಿ ಕಡೆಯದಾಗಿ ಒಂದು ವಿನಂತಿ. ಪ್ರಕಟಣೆಯನ್ನು ಒಂದು ಪುಟ ಮೀರಿಸಬೇಡಿ, ಕಾರ್ಯಕ್ರಮಕ್ಕೆ ವಾರದ ಮೊದಲೇ ಕಳಿಸಿ, ವಾರವನ್ನೂ ದಿನಾಂಕವನ್ನೂ ಕ್ಯಾಲೆಂಡರಿನಲ್ಲಿ ತಾಳೆ ನೋಡಿ. ಕೆಳಗೆ ಒಬ್ಬರ ಹೆಸರು, ಮೊಬೈಲ್ ನಂಬರು ಇರಲಿ. ಪುಟ ಕಟ್ಟುವ ಹೊತ್ತಿನಲ್ಲಿ, ರಾತ್ರಿ ಒಂಬತ್ತಕ್ಕೆ, ಉಪಸಂಪಾದಕ ಪೂರ್ವವೋ ಪಶ್ಚಿಮವೋ ಎಂದು ಕೇಳಲು ಫೋನು ಮಾಡಿದರೆ ದಯವಿಟ್ಟು ಎತ್ತಿ ಉತ್ತರ ಕೊಡಿ.