ಎತ್ತರಕ್ಕೆ ಮೋಸಹೋಗಬೇಡಿ

ಮಣ್ಣಿಲ್ಲದೆ ಸೊಪ್ಪು ಬೆಳೆಸುವಾಗ ಗೊಬ್ಬರ ಮುಖ್ಯವೋ, ಬೆಳಕು ಮುಖ್ಯವೋ? ಇದನ್ನು ತಿಳಿಯಲು ನಾನು ಮಾಡಿದ ಪ್ರಯೋಗದ ಬಗ್ಗೆ ಎರಡು ಮಾತು ಹೇಳುತ್ತೇನೆ.

ಡಿಸೆಂಬರ್‌ನಲ್ಲಿ ಟೊರೊಂಟೊದ ಹಗಲು ಸುಮಾರು 9 ಗಂಟೆ ಮಾತ್ರ. ಆಗ 12 ಜಾಡಿಗಳಲ್ಲಿ ಲೆಟ್ಯೂಸ್ ಸಸಿ ಇಟ್ಟೆ. 6 ಕಿಟಕಿಯ ಬಳಿ, 6 ದಿನಕ್ಕೆ 14 ಗಂಟೆ ಉರಿಯುವ ಎಲ್‌ಇಡಿ ದೀಪದ ಕೆಳಗೆ. ಎರಡೂ ಕಡೆ 3 ಜಾಡಿಗೆ ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಗೊಬ್ಬರ, ಉಳಿದ 3ಕ್ಕೆ ಅದರ ಅರ್ಧ. ಬೇರಿಗೆ ಗಾಳಿ ಸಿಗಲೆಂದು ನೀರಿನ ಮೇಲೆ ಜಾಗ ಬಿಟ್ಟೆ. ಪಾಚಿ ಕಟ್ಟದಿರಲೆಂದು ಜಾಡಿಗೆ ಫಾಯಿಲ್ ಸುತ್ತಿದೆ.

ಮೂರನೇ ವಾರ ಕಿಟಕಿಯ ಗಿಡಗಳೇ ಎತ್ತರವಾಗಿದ್ದವು. "ಇವೇ ಗೆದ್ದವು" ಎಂದರು ಅಮ್ಮ. ಆದರೆ ಅವುಗಳ ಕಾಂಡ ತೆಳು, ಎಲೆ ಪೇಲವ. ಬೆಳಕು ಸಾಲದಾಗ ಗಿಡ ಅದನ್ನು ಹುಡುಕಿಕೊಂಡು ಉದ್ದವಾಗುತ್ತದೆ. ಹಾಗಾಗಿ ಸ್ಕೇಲ್ ಬಿಟ್ಟು, ಐದನೇ ವಾರ ಗಿಡಗಳನ್ನು ಕತ್ತರಿಸಿ ತಕ್ಕಡಿಯಲ್ಲಿಟ್ಟೆ. ದೀಪದ ಕೆಳಗಿನವು ಬಹಳ ಹೆಚ್ಚು ತೂಗಿದವು, ಅವುಗಳಲ್ಲೂ ಪೂರ್ತಿ ಗೊಬ್ಬರದವು ಮುಂದು. ಕಿಟಕಿಯ ಬಳಿ ಮಾತ್ರ ಪೂರ್ತಿಗೂ ಅರ್ಧಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ. ಬೆಳಕಿಲ್ಲದೆ ಗಿಡ ಬೆಳೆಯುವುದೇ ನಿಧಾನ. ಗೊಬ್ಬರ ನೀರಿನಲ್ಲೇ ಉಳಿಯುತ್ತದೆ.

ಆದರೆ ಒಂದು ಮಾತು: ಕಿಟಕಿಯ ಬಳಿ ಚಳಿಯೂ ಜಾಸ್ತಿ. ಪೂರ್ತಿ ವ್ಯತ್ಯಾಸ ಬೆಳಕಿನದೇ ಎನ್ನಲಾರೆ. ಮುಂದಿನ ಸಲ ಎರಡೂ ಕಡೆ ಥರ್ಮಾಮೀಟರ್ ಇಡುತ್ತೇನೆ.

ಈ ಚಳಿಗಾಲ ನಿಮ್ಮ ಮನೆಯ ಕರಿಬೇವು ಸೊರಗಿದರೆ ಗೊಬ್ಬರಕ್ಕಿಂತ ಮೊದಲು ಬೆಳಕು ಕೊಟ್ಟು ನೋಡಿ.